ಹಣ ಕಡಿತವಾಗಿಯೂ ಆನ್‌ಲೈನ್ ಅರ್ಜಿ ಸಲ್ಲಿಕೆಯಾಗದಿದ್ದಲ್ಲಿ ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳು

(ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ)

ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಸಲ್ಲಿಸುವಾಗ ಕೆಲವೊಮ್ಮೆ ಅರ್ಜಿದಾರರ ಬ್ಯಾಂಕ್ ಖಾತೆಯಿಂದ ಶುಲ್ಕ ಕಡಿತವಾಗಿರುತ್ತದೆ. ಆದರೆ ಸ್ವೀಕೃತಿ ಪತ್ರ ದೊರೆತಿರುವುದಿಲ್ಲ ಮತ್ತು ಅರ್ಜಿಯು ಸಲ್ಲಿಕೆಯಾಗಿಲ್ಲವೆಂದು ಪರದೆಯು ತೋರಿಸುತ್ತಿರುತ್ತದೆ. ಇಂತಹ ಸಂದರ್ಭದಲ್ಲಿ ಬಹುತೇಕ ಅರ್ಜಿದಾರರು ಗಾಬರಿಯಿಂದ ಅದೇ ಶುಲ್ಕವನ್ನು ಎರಡನೆಯ ಬಾರಿ ಪಾವತಿಸುತ್ತಾರೆ, ಇಲ್ಲವೇ ಹಣ ಹೋಯಿತೆಂದು ಭಾವಿಸಿ ಸುಮ್ಮನಾಗುತ್ತಾರೆ. ಇವೆರಡೂ ಸರಿಯಾದ ಕ್ರಮಗಳಲ್ಲ. ಕಡಿತವಾದ ಹಣವು ಆ ಹೊತ್ತಿಗೆ ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಮೊದಲು ತಿಳಿದುಕೊಂಡಲ್ಲಿ, ಮುಂದೆ ಬ್ಯಾಂಕನ್ನು ಸಂಪರ್ಕಿಸಬೇಕೇ, ಇಲಾಖೆಯನ್ನು ಸಂಪರ್ಕಿಸಬೇಕೇ ಅಥವಾ ಕಾಯಬೇಕೇ ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಈ ಪುಟದಲ್ಲಿ ಆ ಕ್ರಮವನ್ನು ವಿವರಿಸಲಾಗಿದೆ.

1. ಹೀಗಾಗಲು ಕಾರಣವೇನು?

ಅರ್ಜಿ ನಮೂನೆಯನ್ನು ಭರ್ತಿ ಮಾಡಿ, ದಾಖಲೆಗಳನ್ನು ಲಗತ್ತಿಸಿದ ನಂತರ ಜಾಲತಾಣವು ಅರ್ಜಿದಾರರನ್ನು ಪಾವತಿ ಗೇಟ್‌ವೇಗೆ ಕಳುಹಿಸುತ್ತದೆ. ಪಾವತಿ ಗೇಟ್‌ವೇ ಎಂದರೆ ಬ್ಯಾಂಕಿನಿಂದ ಹಣ ಪಡೆದು ಅದನ್ನು ಸರ್ಕಾರದ ಖಾತೆಗೆ ದಾಟಿಸುವ ಮಧ್ಯವರ್ತಿ ವ್ಯವಸ್ಥೆ. ಅರ್ಜಿದಾರರು ಯುಪಿಐ, ಕಾರ್ಡ್ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ಹಣ ಪಾವತಿಸಿದಾಗ ಎರಡು ಪ್ರತ್ಯೇಕ ಕೆಲಸಗಳು ನಡೆಯಬೇಕಾಗುತ್ತದೆ. ಮೊದಲನೆಯದು, ಹಣವು ಬ್ಯಾಂಕಿನಿಂದ ಗೇಟ್‌ವೇಗೆ ತಲುಪುವುದು. ಎರಡನೆಯದು, "ಹಣ ಸಂದಾಯವಾಗಿದೆ" ಎಂಬ ಸಂದೇಶವು ಗೇಟ್‌ವೇಯಿಂದ ಸೇವಾ ಸಿಂಧು ಜಾಲತಾಣಕ್ಕೆ ಮರಳಿ ಬರುವುದು. ಈ ಸಂದೇಶ ಬಂದ ನಂತರವೇ ಅರ್ಜಿಯು ಸಲ್ಲಿಕೆಯಾದುದಾಗಿ ದಾಖಲಾಗುತ್ತದೆ ಮತ್ತು ಸ್ವೀಕೃತಿ ಪತ್ರ ಸಿದ್ಧವಾಗುತ್ತದೆ.

ಹಣ ಹೋದ ದಾರಿಯೂ ಸಂದೇಶ ಮರಳುವ ದಾರಿಯೂ ಬೇರೆ ಬೇರೆ. ಪಾವತಿಯ ನಂತರ ಪುಟವು ಮರಳಿ ತೆರೆದುಕೊಳ್ಳುವ ಮೊದಲೇ ಬ್ರೌಸರ್ ಮುಚ್ಚಿದರೆ, ಮೊಬೈಲ್‌ನಲ್ಲಿ ಅಂತರ್ಜಾಲ ಸಂಪರ್ಕ ಕಡಿದುಹೋದರೆ, "ಹಿಂದೆ" ಗುಂಡಿಯನ್ನು ಒತ್ತಿದರೆ ಅಥವಾ ನಿಗದಿತ ಅವಧಿ ಮುಗಿದು ಪುಟವು ರದ್ದಾದರೆ, ಹಣ ಹೋಗಿದ್ದರೂ ಸಂದೇಶವು ಜಾಲತಾಣವನ್ನು ತಲುಪದೆ ಉಳಿಯಬಹುದು. ಬ್ಯಾಂಕಿನ ಕಡೆಯಿಂದಲೇ ಉತ್ತರ ತಡವಾಗುವುದೂ ಉಂಟು. ಆದ್ದರಿಂದ ಅರ್ಜಿ ಸಲ್ಲಿಕೆಯಾಗಿಲ್ಲ ಎಂದು ಪರದೆಯಲ್ಲಿ ಕಂಡುಬಂದ ಮಾತ್ರಕ್ಕೆ ಹಣ ನಷ್ಟವಾಯಿತೆಂದು ತಿಳಿಯಬೇಕಾಗಿಲ್ಲ. ಅಂತೆಯೇ, ಹಣ ಕಡಿತವಾದ ಎಸ್‌ಎಂಎಸ್ ಬಂದ ಮಾತ್ರಕ್ಕೆ ಅರ್ಜಿ ಸಲ್ಲಿಕೆಯಾಯಿತೆಂದೂ ಭಾವಿಸಬಾರದು.

2. ತಕ್ಷಣ ಮಾಡಬೇಕಾದುದು

ಮೊದಲನೆಯದಾಗಿ, ಅದೇ ಅರ್ಜಿಗೆ ಕೂಡಲೇ ಎರಡನೆಯ ಬಾರಿ ಹಣ ಪಾವತಿಸಬಾರದು. ಮೊದಲ ಪಾವತಿಯ ಸಂದೇಶವು ಸ್ವಲ್ಪ ಸಮಯದ ನಂತರ ತಲುಪಿದಲ್ಲಿ ಎರಡೂ ಪಾವತಿಗಳು ಊರ್ಜಿತಗೊಳ್ಳುತ್ತವೆ. ಆಗ ಹೆಚ್ಚುವರಿ ಹಣವನ್ನು ಹಿಂಪಡೆಯುವ ಕೆಲಸವು ಮೂಲ ಸಮಸ್ಯೆಗಿಂತ ದೀರ್ಘವಾಗುತ್ತದೆ. ಹೊಸದಾಗಿ ಇನ್ನೊಂದು ಅರ್ಜಿ ಭರ್ತಿ ಮಾಡುವುದನ್ನೂ ಆ ಹೊತ್ತಿಗೆ ತಡೆಹಿಡಿಯತಕ್ಕದ್ದು.

ಎರಡನೆಯದಾಗಿ, ಕೆಳಕಂಡ ವಿವರಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು ಮತ್ತು ಪರದೆಯ ಚಿತ್ರಗಳನ್ನು ತೆಗೆದಿಟ್ಟುಕೊಳ್ಳತಕ್ಕದ್ದು. ಮುಂದಿನ ಪ್ರತಿ ಹಂತದಲ್ಲಿಯೂ ಇವುಗಳನ್ನು ಕೇಳಲಾಗುತ್ತದೆ.

(ಅ) ಪಾವತಿಯ ದಿನಾಂಕ, ಸಮಯ ಮತ್ತು ಮೊತ್ತ.

(ಆ) ಅರ್ಜಿಯ ಕರಡು ಸಂಖ್ಯೆ. ನಮೂನೆಯನ್ನು ಭರ್ತಿ ಮಾಡಿದ ನಂತರ ತೆರೆದುಕೊಳ್ಳುವ ಪುಟದಲ್ಲಿ "Draft Reference No" ಎಂಬ ಹೆಸರಿನಲ್ಲಿ ಇದು ಇರುತ್ತದೆ. ಇದು ಸ್ವೀಕೃತಿ ಸಂಖ್ಯೆಯಲ್ಲ; ಆದರೆ ಹಣವನ್ನೂ ಅರ್ಜಿಯನ್ನೂ ಜೋಡಿಸಿ ಹುಡುಕಲು ಇದು ನೆರವಾಗುತ್ತದೆ.

(ಇ) ಬ್ಯಾಂಕಿನ ವಹಿವಾಟು ಸಂಖ್ಯೆ. ಯುಪಿಐ ಮೂಲಕ ಪಾವತಿಸಿದ್ದಲ್ಲಿ, ಆ ಆ್ಯಪ್‌ನಲ್ಲಿ ಸದರಿ ಪಾವತಿಯ ವಿವರವನ್ನು ತೆರೆದಾಗ 12 ಅಂಕಿಗಳ ಸಂಖ್ಯೆಯೊಂದು ಕಾಣಿಸುತ್ತದೆ. ಕೆಲವು ಆ್ಯಪ್‌ಗಳಲ್ಲಿ ಇದನ್ನು "UTR" ಎಂದೂ, ಕೆಲವದರಲ್ಲಿ "UPI Ref No" ಎಂದೂ ನಮೂದಿಸಲಾಗಿರುತ್ತದೆ. ಆ್ಯಪ್ ತನ್ನದೇ ಆದ ಬೇರೊಂದು ಉದ್ದನೆಯ ಸಂಖ್ಯೆಯನ್ನೂ ತೋರಿಸಬಹುದು. ಬ್ಯಾಂಕು ತನ್ನ ದಾಖಲೆಯಲ್ಲಿ ಹುಡುಕುವುದು 12 ಅಂಕಿಗಳ ಸಂಖ್ಯೆಯನ್ನೇ ಆದ್ದರಿಂದ ಅದನ್ನೇ ಬರೆದುಕೊಳ್ಳಬೇಕು.

(ಈ) ಹಣ ಕಡಿತವಾದುದು ಯಾರ ಖಾತೆಯಿಂದ ಎಂಬ ವಿವರ. ಅರ್ಜಿದಾರರದೇ ಖಾತೆಯಲ್ಲದೆ ಮನೆಯವರ ಅಥವಾ ಸೇವಾ ಕೇಂದ್ರದವರ ಖಾತೆಯಾಗಿದ್ದಲ್ಲಿ ಅದನ್ನೂ ಬರೆದುಕೊಳ್ಳಬೇಕು.

3. ಹಣ ಯಾವ ಹಂತದಲ್ಲಿದೆ ಎಂದು ತಿಳಿಯುವುದು ಹೇಗೆ?

ಎಸ್‌ಎಂಎಸ್ ಒಂದನ್ನೇ ನಂಬದೆ ಬ್ಯಾಂಕಿನ ಖಾತೆ ವಿವರ ಅಥವಾ ಪಾಸ್ ಪುಸ್ತಕವನ್ನು ನೋಡುವುದು ಸೂಕ್ತ. ಕಡಿತದ ಎಸ್‌ಎಂಎಸ್ ಬಂದ ಕೆಲವೇ ನಿಮಿಷಗಳಲ್ಲಿ ಹಣ ಮರುಜಮೆಯಾಗಿದ್ದು, ಆ ಕುರಿತ ಎಸ್‌ಎಂಎಸ್ ಬಾರದೆ ಇರುವ ಸಾಧ್ಯತೆಯುಂಟು. ಖಾತೆ ವಿವರ ಮತ್ತು ಯುಪಿಐ ಆ್ಯಪ್ ಇವೆರಡನ್ನೂ ನೋಡಿದಾಗ ಕೆಳಕಂಡ ಮೂರು ಸ್ಥಿತಿಗಳಲ್ಲಿ ಒಂದು ಕಂಡುಬರುತ್ತದೆ.

ಮೊದಲನೆಯ ಸ್ಥಿತಿ: ಕಡಿತವಾದ ಹಣ ಖಾತೆಗೆ ಮರುಜಮೆಯಾಗಿದೆ. ಈ ಸ್ಥಿತಿಯಲ್ಲಿ ಪಾವತಿಯು ನಡೆದೇ ಇಲ್ಲವೆಂದು ಅರ್ಥ. ಅರ್ಜಿದಾರರು ಅಪೂರ್ಣ ಅರ್ಜಿಯನ್ನು ತೆರೆದು ಹೊಸದಾಗಿ ಪಾವತಿಸಬಹುದು.

ಎರಡನೆಯ ಸ್ಥಿತಿ: ಹಣ ಕಡಿತವಾಗಿದೆ, ಆದರೆ ಆ್ಯಪ್‌ನಲ್ಲಿ ಪಾವತಿಯು ಬಾಕಿ ಇದೆ ಅಥವಾ ವಿಫಲವಾಗಿದೆ ಎಂದಿದೆ. ಹಣವು ಬ್ಯಾಂಕುಗಳ ನಡುವೆ ನಿಂತಿದೆ ಎಂದು ಅರ್ಥ. ಇಲಾಖೆಗೆ ಹಣ ತಲುಪಿಲ್ಲವಾದ್ದರಿಂದ ಇಲಾಖೆಯು ಅದನ್ನು ಮರಳಿಸಲು ಸಾಧ್ಯವಾಗುವುದಿಲ್ಲ. ಈ ಸ್ಥಿತಿಯಲ್ಲಿ ಸಂಪರ್ಕಿಸಬೇಕಾದುದು ಬ್ಯಾಂಕನ್ನು.

ಮೂರನೆಯ ಸ್ಥಿತಿ: ಆ್ಯಪ್‌ನಲ್ಲಿ ಪಾವತಿ ಯಶಸ್ವಿಯಾಗಿದೆ ಎಂದಿದೆ, ಆದರೆ ಅರ್ಜಿ ಸಲ್ಲಿಕೆಯಾಗಿಲ್ಲ. ಹಣವು ಗೇಟ್‌ವೇಯನ್ನು ತಲುಪಿದೆ; ಮರಳಬೇಕಾದ ಸಂದೇಶವಷ್ಟೇ ನಿಂತಿದೆ. ಹೆಚ್ಚಿನ ಅರ್ಜಿದಾರರು ಗೊಂದಲಕ್ಕೆ ಒಳಗಾಗುವುದು ಈ ಸ್ಥಿತಿಯಲ್ಲಿಯೇ. ಇದಕ್ಕೆ ಪರಿಹಾರವು ಹಣ ವಾಪಸಾತಿಯಲ್ಲ, ಪಾವತಿಯ ಮರುಪರಿಶೀಲನೆ.

4. ಪಾವತಿಯ ಮರುಪರಿಶೀಲನೆ

ಸೇವಾ ಸಿಂಧು ಜಾಲತಾಣವು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ ಸರ್ವೀಸ್ ಪ್ಲಸ್ ತಂತ್ರಾಂಶವನ್ನು ಬಳಸುತ್ತದೆ. ಈ ತಂತ್ರಾಂಶದಲ್ಲಿ, ತಲುಪದೆ ಉಳಿದ ಸಂದೇಶವನ್ನು ಮತ್ತೆ ಕೇಳಿ ಪಡೆಯುವ ಸೌಲಭ್ಯವಿದೆ. ಕ್ರಮವು ಹೀಗಿದೆ:

1. ಪಾವತಿ ಮಾಡಿದ ಸುಮಾರು ಒಂದು ಗಂಟೆಯ ನಂತರ, ಅರ್ಜಿ ಭರ್ತಿ ಮಾಡಲು ಬಳಸಿದ ಅದೇ ಲಾಗಿನ್‌ನಿಂದ ಜಾಲತಾಣವನ್ನು ಪ್ರವೇಶಿಸುವುದು. ಬೇರೆ ಮೊಬೈಲ್ ಸಂಖ್ಯೆಯ ಲಾಗಿನ್‌ನಲ್ಲಿ ಸದರಿ ಅರ್ಜಿಯು ಕಾಣುವುದಿಲ್ಲ.

2. ಎಡಬದಿಯ ಪಟ್ಟಿಯಲ್ಲಿ "View Status of Application" ಎಂಬುದನ್ನು ತೆರೆದು, ಮೊದಲು "Track application status" ಆಯ್ಕೆಯಲ್ಲಿ ಅರ್ಜಿಯನ್ನು ಹುಡುಕುವುದು. ಅರ್ಜಿಯು ಇಲ್ಲಿ ಕಂಡುಬಂದರೆ ಅದು ಈಗಾಗಲೇ ಸಲ್ಲಿಕೆಯಾಗಿದೆ. ಸ್ವೀಕೃತಿ ಪತ್ರವನ್ನು ಮುದ್ರಿಸಿಕೊಳ್ಳುವುದಷ್ಟೇ ಬಾಕಿ.

3. ಅಲ್ಲಿ ಕಾಣದಿದ್ದಲ್ಲಿ ಅದೇ ಪಟ್ಟಿಯಲ್ಲಿರುವ "Revalidate Payment" ಆಯ್ಕೆಯನ್ನು ತೆರೆಯುವುದು. ಪಾವತಿಯ ಹಂತದಲ್ಲಿ ನಿಂತುಹೋದ ಅರ್ಜಿಯನ್ನು ಇಲ್ಲಿ ಆರಿಸಿಕೊಂಡಾಗ, ಜಾಲತಾಣವು ಗೇಟ್‌ವೇಯಿಂದ ಆ ಪಾವತಿಯ ಸ್ಥಿತಿಯನ್ನು ಮತ್ತೊಮ್ಮೆ ಕೇಳುತ್ತದೆ. ಹಣ ಸಂದಾಯವಾಗಿದೆ ಎಂಬ ಉತ್ತರ ಬಂದಲ್ಲಿ ಅರ್ಜಿಯು ಮುಂದುವರಿದು ಸ್ವೀಕೃತಿ ಸಿದ್ಧವಾಗುತ್ತದೆ. ಇದಕ್ಕಾಗಿ ಹಣವನ್ನು ಮತ್ತೆ ಪಾವತಿಸಬೇಕಾಗಿಲ್ಲ.

4. ಸ್ಥಿತಿಯು ಇನ್ನೂ ಬಾಕಿ ಎಂದೇ ಬಂದರೆ, ಮರುದಿನ ಬ್ಯಾಂಕಿನ ಕೆಲಸದ ವೇಳೆಯಲ್ಲಿ ಮತ್ತೊಮ್ಮೆ ಪ್ರಯತ್ನಿಸುವುದು. ಗೇಟ್‌ವೇ ಮತ್ತು ಬ್ಯಾಂಕುಗಳು ಹಿಂದಿನ ದಿನದ ವಹಿವಾಟುಗಳನ್ನು ತಾಳೆ ನೋಡಿದ ನಂತರ ಬಾಕಿ ಪಾವತಿಗಳ ಸ್ಥಿತಿಯು ಯಶಸ್ವಿ ಅಥವಾ ವಿಫಲ ಎಂದು ನಿಶ್ಚಯವಾಗುವುದೇ ಇದಕ್ಕೆ ಕಾರಣ.

5. ಸ್ಥಿತಿಯು ವಿಫಲ ಎಂದು ಬಂದರೆ, "View Incomplete Application" ಆಯ್ಕೆಯಲ್ಲಿ ಅದೇ ಅರ್ಜಿಯನ್ನು ತೆರೆದು ಹೊಸದಾಗಿ ಪಾವತಿಸಬಹುದು. ಕಡಿತವಾದ ಹಳೆಯ ಹಣವು ಕೆಳಗಿನ 5ನೇ ಕಂಡಿಕೆಯಂತೆ ಬ್ಯಾಂಕಿನಿಂದ ಮರಳಬೇಕಾಗುತ್ತದೆ.

ಇತರ ಜಾಲತಾಣಗಳಲ್ಲಿಯೂ ಇದೇ ಕೆಲಸಕ್ಕೆ ಬೇರೆ ಹೆಸರಿನ ಆಯ್ಕೆಗಳಿರುತ್ತವೆ. ವಾಹನ ಚಾಲನಾ ಪರವಾನಗಿಯ ಸಾರಥಿ ಜಾಲತಾಣದಲ್ಲಿ ಪಾವತಿಯ ಸ್ಥಿತಿ ನೋಡುವ ಆಯ್ಕೆಯೂ, ವಾಹನ ನೋಂದಣಿಯ ವಾಹನ್ ಜಾಲತಾಣದಲ್ಲಿ ಬಾಕಿ ವಹಿವಾಟು ಪರಿಶೀಲಿಸುವ ಆಯ್ಕೆಯೂ ಇವೆ. ಯಾವುದೇ ಜಾಲತಾಣವಾದರೂ ಎರಡನೆಯ ಬಾರಿ ಪಾವತಿಸುವ ಮುನ್ನ ಇಂತಹ ಆಯ್ಕೆಯನ್ನು ಹುಡುಕಿ ನೋಡತಕ್ಕದ್ದು.

5. ಬ್ಯಾಂಕಿನಿಂದ ಹಣ ಮರಳಲು ಇರುವ ಕಾಲಮಿತಿ

ವಿಫಲವಾದ ವಹಿವಾಟುಗಳಲ್ಲಿ ಗ್ರಾಹಕರ ಹಣವನ್ನು ಎಷ್ಟು ದಿನಗಳೊಳಗೆ ಮರಳಿಸಬೇಕೆಂಬುದನ್ನು ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ನಿಗದಿಪಡಿಸಿದೆ. ಖಾತೆಯಿಂದ ಹಣ ಕಡಿತವಾಗಿ, ಪಾವತಿ ಪಡೆಯಬೇಕಾದವರಿಗೆ ದೃಢೀಕರಣ ತಲುಪದಿದ್ದಲ್ಲಿ, ಯುಪಿಐ ಆಗಲಿ ಆನ್‌ಲೈನ್ ಕಾರ್ಡ್ ಪಾವತಿಯಾಗಲಿ, ವಹಿವಾಟು ನಡೆದ ದಿನದ ನಂತರ 5 ದಿನಗಳೊಳಗೆ ಹಣವು ತಾನಾಗಿಯೇ ಮರುಜಮೆಯಾಗಬೇಕು. ಈ ದಿನಗಳನ್ನು ಕ್ಯಾಲೆಂಡರ್ ದಿನಗಳಾಗಿ ಎಣಿಸಲಾಗುತ್ತದೆ. ಭಾನುವಾರ ಮತ್ತು ರಜಾದಿನಗಳನ್ನು ಬಿಡಲಾಗುವುದಿಲ್ಲ.

ಐದು ದಿನಗಳು ಮೀರಿದಲ್ಲಿ, ವಿಳಂಬವಾದ ಪ್ರತಿ ದಿನಕ್ಕೆ ರೂ. 100ರಂತೆ ಪರಿಹಾರವನ್ನು ಗ್ರಾಹಕರ ಖಾತೆಗೆ ಜಮೆ ಮಾಡಬೇಕು. ಗ್ರಾಹಕರು ದೂರು ನೀಡುವವರೆಗೆ ಕಾಯದೆ ಬ್ಯಾಂಕು ತಾನಾಗಿಯೇ ಇದನ್ನು ಜಮೆ ಮಾಡಬೇಕೆಂದು ಸದರಿ ಸುತ್ತೋಲೆಯು ತಿಳಿಸುತ್ತದೆ. ಹಣ ಮರಳಿದ್ದು ಪರಿಹಾರ ಜಮೆಯಾಗದಿದ್ದಲ್ಲಿ, ಈ ಸುತ್ತೋಲೆಯನ್ನು ಉಲ್ಲೇಖಿಸಿ ಬ್ಯಾಂಕಿಗೆ ಮನವಿ ಸಲ್ಲಿಸಬಹುದು.

ಇಲ್ಲಿ ಒಂದು ಮಿತಿಯನ್ನು ಗಮನಿಸತಕ್ಕದ್ದು. ತಾಂತ್ರಿಕ ಕಾರಣದಿಂದ ಪೂರ್ಣಗೊಳ್ಳದೆ ಉಳಿದ ವಹಿವಾಟುಗಳಿಗೆ ಮಾತ್ರ ಈ ಕಾಲಮಿತಿಯು ಅನ್ವಯಿಸುತ್ತದೆ. ಹಣವು ಯಶಸ್ವಿಯಾಗಿ ಸರ್ಕಾರದ ಖಾತೆಗೆ ಸಂದಾಯವಾಗಿದ್ದಲ್ಲಿ, ಅಥವಾ ಅರ್ಜಿದಾರರೇ ಎರಡು ಬಾರಿ ಪಾವತಿಸಿ ಎರಡೂ ಯಶಸ್ವಿಯಾಗಿದ್ದಲ್ಲಿ, ಅದು ವಿಫಲ ವಹಿವಾಟು ಎನಿಸುವುದಿಲ್ಲ. ಅಂತಹ ಹಣಕ್ಕೆ ಬ್ಯಾಂಕಿನಿಂದ ದಿನಕ್ಕೆ ರೂ. 100ರ ಪರಿಹಾರವನ್ನು ನಿರೀಕ್ಷಿಸುವಂತಿಲ್ಲ.

6. ಹಣ ಸರ್ಕಾರದ ಖಾತೆಗೆ ಸೇರಿದ್ದಲ್ಲಿ

ಕೆಲವು ಸೇವೆಗಳ ಶುಲ್ಕವು ರಾಜ್ಯ ಖಜಾನೆ ಇಲಾಖೆಯ ಖಜಾನೆ-2 ವ್ಯವಸ್ಥೆಯ ಮೂಲಕ ಸಂದಾಯವಾಗುತ್ತದೆ. ಅಂತಹ ಪಾವತಿಗಳಿಗೆ ಚಲನ್ ಸಿದ್ಧವಾಗುತ್ತದೆ ಮತ್ತು ಅದಕ್ಕೆ "CR" ಅಕ್ಷರಗಳಿಂದ ಆರಂಭವಾಗುವ ಚಲನ್ ಉಲ್ಲೇಖ ಸಂಖ್ಯೆ ಇರುತ್ತದೆ. ಈ ಸಂಖ್ಯೆಯು ಅರ್ಜಿದಾರರ ಬಳಿ ಇದ್ದಲ್ಲಿ, ಖಜಾನೆ-2 ಜಾಲತಾಣದಲ್ಲಿ ಚಲನ್ ಹುಡುಕುವ ಆಯ್ಕೆಯನ್ನು ಬಳಸಿ ಹಣವು ಸರ್ಕಾರಕ್ಕೆ ಜಮೆಯಾಗಿದೆಯೇ ಎಂಬುದನ್ನು ನೇರವಾಗಿ ನೋಡಬಹುದು.

ಜಮೆಯಾಗಿರುವುದು ಕಂಡುಬಂದಲ್ಲಿ, ಆ ಪಾವತಿಯನ್ನು ತನ್ನ ಅರ್ಜಿಗೆ ಜೋಡಿಸಿಕೊಡುವಂತೆ ಅರ್ಜಿದಾರರು ಕೋರುವುದೇ ಲೇಸು. ಖಜಾನೆಗೆ ಜಮೆಯಾದ ಹಣವನ್ನು ಮರಳಿಸಬೇಕಾದರೆ ಸಂಬಂಧಪಟ್ಟ ಇಲಾಖೆಯ ಅಧಿಕಾರಿಯು ಜಮೆಯನ್ನು ಪರಿಶೀಲಿಸಿ, ಮರುಪಾವತಿಗೆ ಆದೇಶ ಮಾಡಿ, ಬಿಲ್ಲನ್ನು ಖಜಾನೆಗೆ ಕಳುಹಿಸಬೇಕಾಗುತ್ತದೆ. ಇದಕ್ಕೆ ತಗಲುವ ಕಾಲಕ್ಕೆ ಹೋಲಿಸಿದರೆ, ಬಂದಿರುವ ಹಣವನ್ನು ಬಾಕಿ ಇರುವ ಅರ್ಜಿಗೆ ಜೋಡಿಸುವುದು ಸುಲಭ. ಅರ್ಜಿದಾರರಿಗೆ ಬೇಕಿರುವುದೂ ಸೇವೆಯೇ ಹೊರತು ಶುಲ್ಕವಲ್ಲ.

ಇದೇ ಕಾರಣದಿಂದ, ಮೂರನೆಯ ಸ್ಥಿತಿಯಲ್ಲಿರುವ ಅರ್ಜಿದಾರರು ಮರುಪರಿಶೀಲನೆ ಮಾಡುವ ಮೊದಲೇ ಬ್ಯಾಂಕಿನಲ್ಲಿ ಪಾವತಿಯ ವಿರುದ್ಧ ತಕರಾರು ದಾಖಲಿಸುವುದು ಸರಿಯಲ್ಲ. ತಕರಾರಿನ ಮೇರೆಗೆ ಬ್ಯಾಂಕು ಹಣವನ್ನು ಹಿಂಪಡೆದು, ಅಷ್ಟರಲ್ಲಿ ಅರ್ಜಿಯೂ ಸಲ್ಲಿಕೆಯಾಗಿದ್ದರೆ, ಶುಲ್ಕವಿಲ್ಲದ ಅರ್ಜಿಯಾಗಿ ಅದು ತಿರಸ್ಕೃತವಾಗುವ ಸಂಭವವಿದೆ.

7. ಒಂದು ಉದಾಹರಣೆ

ರಾಯಚೂರು ಜಿಲ್ಲೆಯ ಅರ್ಜಿದಾರರೊಬ್ಬರು ಜೂನ್ 10ರಂದು ಸಂಜೆ 4.40ಕ್ಕೆ, ರೂ. 500 ಶುಲ್ಕವಿರುವ ಸೇವೆಯೊಂದಕ್ಕೆ ಮಗನ ಮೊಬೈಲ್‌ನಿಂದ ಯುಪಿಐ ಮೂಲಕ ಹಣ ಪಾವತಿಸಿದರೆಂದು ಇಟ್ಟುಕೊಳ್ಳಬಹುದು. ಹಣ ಕಡಿತವಾದ ಎಸ್‌ಎಂಎಸ್ ಬಂದಿದೆ. ಆದರೆ ಸಂಪರ್ಕ ಕಡಿದು ಪುಟವು ಮರಳಿ ತೆರೆದುಕೊಂಡಿಲ್ಲ.

ಅವರು ಮತ್ತೆ ಪಾವತಿಸದೆ, ಕರಡು ಸಂಖ್ಯೆಯನ್ನೂ ಮಗನ ಆ್ಯಪ್‌ನಲ್ಲಿರುವ 12 ಅಂಕಿಗಳ ಸಂಖ್ಯೆಯನ್ನೂ ಬರೆದುಕೊಳ್ಳುತ್ತಾರೆ. ಸಂಜೆ 5.45ಕ್ಕೆ ಮರುಪರಿಶೀಲನೆ ಮಾಡಿದಾಗ ಸ್ಥಿತಿಯು ಬಾಕಿ ಎಂದು ಬರುತ್ತದೆ. ಜೂನ್ 11ರಂದು ಬೆಳಿಗ್ಗೆ 11 ಗಂಟೆಗೆ ಮತ್ತೊಮ್ಮೆ ನೋಡುತ್ತಾರೆ. ಇಲ್ಲಿಂದ ಮುಂದೆ ಎರಡು ದಾರಿಗಳಿವೆ.

ಪಾವತಿ ಯಶಸ್ವಿ ಎಂದು ಬಂದಲ್ಲಿ, ಅರ್ಜಿಯು ಸಲ್ಲಿಕೆಯಾಗಿ ಸ್ವೀಕೃತಿ ದೊರೆಯುತ್ತದೆ ಮತ್ತು ವಿಷಯ ಅಲ್ಲಿಗೆ ಮುಗಿಯುತ್ತದೆ. ಸ್ವೀಕೃತಿಯಲ್ಲಿರುವ ದಿನಾಂಕವನ್ನು ಅವರು ಗಮನಿಸಬೇಕು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ, ಸೇವೆ ಒದಗಿಸಬೇಕಾದ ದಿನಗಳ ಎಣಿಕೆಯು ಅರ್ಜಿ ಸ್ವೀಕೃತವಾದಾಗಿನಿಂದ ಆರಂಭವಾಗುತ್ತದೆಯೇ ಹೊರತು ಹಣ ಕಡಿತವಾದಾಗಿನಿಂದ ಅಲ್ಲ. ಸಲ್ಲಿಕೆಯಾಗದ ಅರ್ಜಿಯನ್ನು ನಂಬಿ ಕಾಯುತ್ತಾ ಕುಳಿತವರಿಗೆ ಕಾಲಮಿತಿಯ ರಕ್ಷಣೆ ದೊರೆಯುವುದಿಲ್ಲ.

ಪಾವತಿ ವಿಫಲ ಎಂದು ಬಂದಲ್ಲಿ, ಅವರು ಅಪೂರ್ಣ ಅರ್ಜಿಯನ್ನು ತೆರೆದು ಹೊಸದಾಗಿ ರೂ. 500 ಪಾವತಿಸಿ ಅರ್ಜಿ ಸಲ್ಲಿಸಬಹುದು. ಹಳೆಯ ರೂ. 500 ಜೂನ್ 15ರೊಳಗೆ ಮಗನ ಖಾತೆಗೆ ಮರುಜಮೆಯಾಗಬೇಕು. ಅದು ಜೂನ್ 19ರಂದು ಜಮೆಯಾಯಿತೆಂದರೆ, ವಿಳಂಬವು 4 ದಿನಗಳು; ಆದ್ದರಿಂದ ಮೂಲ ಮೊತ್ತದೊಂದಿಗೆ ರೂ. 400 ಪರಿಹಾರವೂ ಬರಬೇಕು. ಜೂನ್ 15 ಕಳೆದರೂ ಹಣ ಬಾರದಿದ್ದಲ್ಲಿ, ಜೂನ್ 16ರಂದು ಬ್ಯಾಂಕಿಗೆ ಲಿಖಿತ ದೂರು ನೀಡಲು ಮಗನು ಅರ್ಹನಾಗಿರುತ್ತಾನೆ. ಖಾತೆಯು ಮಗನದಾದ್ದರಿಂದ ದೂರನ್ನೂ ಆತನೇ ನೀಡಬೇಕು.

8. ಅರ್ಜಿ ಸಲ್ಲಿಕೆಗೆ ಕೊನೆಯ ದಿನ ಸಮೀಪಿಸಿದ್ದಲ್ಲಿ

ಕೊನೆಯ ದಿನಾಂಕವಿಲ್ಲದ ಸೇವೆಗಳಲ್ಲಿ ಒಂದೆರಡು ದಿನ ಕಾಯುವುದರಿಂದ ತೊಂದರೆಯಿಲ್ಲ. ಆದರೆ ವಿದ್ಯಾರ್ಥಿವೇತನ, ಪ್ರವೇಶ ಪರೀಕ್ಷೆ ಅಥವಾ ನೇಮಕಾತಿಯ ಅರ್ಜಿಗಳಲ್ಲಿ ಕೊನೆಯ ದಿನ ಮುಗಿದ ನಂತರ ಹಣ ಕಡಿತವಾದ ಎಸ್‌ಎಂಎಸ್ ತೋರಿಸಿದರೂ ಅರ್ಜಿಯು ಸಲ್ಲಿಕೆಯಾದುದಾಗಿ ಪರಿಗಣಿಸಲ್ಪಡುವುದು ಕಷ್ಟ. ಇಂತಹ ಸಂದರ್ಭದಲ್ಲಿ ಮೇಲಿನ ನಿಯಮಕ್ಕೆ ಒಂದು ವಿನಾಯಿತಿ ಇದೆ.

ಮೊದಲು ಮರುಪರಿಶೀಲನೆ ಮಾಡತಕ್ಕದ್ದು. ಸ್ಥಿತಿಯು ಬಾಕಿ ಎಂದೇ ಉಳಿದು, ಕಾಯಲು ಇನ್ನೂ ಒಂದು ಪೂರ್ಣ ದಿನವೂ ಇಲ್ಲದಿದ್ದಲ್ಲಿ, ಎರಡನೆಯ ಬಾರಿ ಪಾವತಿಸುವುದು ಸಮಂಜಸ. ಅನೇಕ ಅಧಿಸೂಚನೆಗಳಲ್ಲಿ ಸಂದಾಯವಾದ ಶುಲ್ಕವನ್ನು ಮರಳಿಸಲಾಗುವುದಿಲ್ಲವೆಂಬ ಷರತ್ತು ಇರುತ್ತದೆ. ಮೊದಲ ಪಾವತಿಯೂ ಆನಂತರ ಊರ್ಜಿತವಾದಲ್ಲಿ ಒಂದು ಶುಲ್ಕದ ನಷ್ಟಕ್ಕೆ ಅರ್ಜಿದಾರರು ಸಿದ್ಧರಿರಬೇಕಾಗುತ್ತದೆ. ಒಂದು ಶುಲ್ಕ ಹೋಗುವುದಕ್ಕಿಂತ ಒಂದು ವರ್ಷದ ಅವಕಾಶ ಕೈತಪ್ಪುವುದು ದೊಡ್ಡದೆಂದು ಕಂಡರೆ ಮಾತ್ರ ಹೀಗೆ ಮಾಡತಕ್ಕದ್ದು. ಎರಡನೆಯ ಪಾವತಿಯನ್ನು ಸಾಧ್ಯವಾದಷ್ಟು ಬೇರೊಂದು ಬ್ಯಾಂಕ್ ಖಾತೆಯಿಂದ ಅಥವಾ ಬೇರೊಂದು ವಿಧಾನದಿಂದ ಮಾಡಿದಲ್ಲಿ, ಅದೇ ಅಡಚಣೆಯು ಮರುಕಳಿಸುವ ಸಂಭವ ಕಡಿಮೆ. ಮೊದಲ ಪಾವತಿಯ ವಿವರ ಮತ್ತು ಸಮಯಸಹಿತ ಪರದೆಯ ಚಿತ್ರಗಳನ್ನು ಅದೇ ದಿನ ಸಂಬಂಧಪಟ್ಟ ಸಹಾಯವಾಣಿಗೆ ಇ-ಮೇಲ್ ಮೂಲಕ ಕಳುಹಿಸಿಟ್ಟಲ್ಲಿ, ಕೊನೆಯ ದಿನಕ್ಕೆ ಮೊದಲೇ ಪ್ರಯತ್ನಿಸಿದ್ದಕ್ಕೆ ಲಿಖಿತ ಸಾಕ್ಷ್ಯ ಉಳಿಯುತ್ತದೆ.

9. ಸೇವಾ ಕೇಂದ್ರದ ಮೂಲಕ ಅರ್ಜಿ ಸಲ್ಲಿಸಿದ್ದಲ್ಲಿ

ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳಲ್ಲಿ ಅಥವಾ ಖಾಸಗಿ ಸೈಬರ್ ಕೇಂದ್ರಗಳಲ್ಲಿ ಅರ್ಜಿದಾರರು ನಗದು ನೀಡಿ, ಆನ್‌ಲೈನ್ ಪಾವತಿಯನ್ನು ಕೇಂದ್ರದವರು ಮಾಡುವುದುಂಟು. ಹಣವು ಮರಳುವುದಾದರೆ ಅದು ಯಾವ ಖಾತೆಯಿಂದ ಹೋಗಿತ್ತೋ ಅದೇ ಖಾತೆಗೆ ಮರಳುತ್ತದೆ. ಅಂದರೆ ಹಣವು ಅರ್ಜಿದಾರರಿಗೆ ಬಾರದೆ ಕೇಂದ್ರದವರ ಖಾತೆಗೆ ಜಮೆಯಾಗುತ್ತದೆ. ಆದ್ದರಿಂದ ನಗದು ನೀಡಿದ್ದಕ್ಕೆ ರಸೀದಿಯನ್ನೂ, ವಹಿವಾಟು ಸಂಖ್ಯೆಯನ್ನೂ ಕೇಂದ್ರದಿಂದ ಹೊರಡುವ ಮೊದಲೇ ಪಡೆದುಕೊಳ್ಳತಕ್ಕದ್ದು. ಸ್ವೀಕೃತಿ ಪತ್ರ ಕೈಗೆ ಬಾರದೆ "ಸರ್ವರ್ ನಿಧಾನವಿದೆ, ಆಗುತ್ತದೆ" ಎಂಬ ಮಾತಿನ ಮೇಲೆ ಮನೆಗೆ ಹಿಂತಿರುಗಿದಲ್ಲಿ, ಅರ್ಜಿಯು ಯಾರ ಲಾಗಿನ್‌ನಲ್ಲಿದೆ ಎಂಬುದೂ ತಿಳಿಯದೆ ಹೋಗಬಹುದು.

10. ದೂರು ಸಲ್ಲಿಸುವ ಕ್ರಮ

ಎರಡನೆಯ ಸ್ಥಿತಿಯಲ್ಲಿ ಹಾಗೂ ಮರುಪರಿಶೀಲನೆಯಲ್ಲಿ ಪಾವತಿ ವಿಫಲವೆಂದು ಬಂದಲ್ಲಿ, ಮೊದಲು ಯುಪಿಐ ಆ್ಯಪ್‌ನಲ್ಲಿ ಸದರಿ ವಹಿವಾಟನ್ನು ತೆರೆದು ಅಲ್ಲಿಯೇ ದೂರು ದಾಖಲಿಸಬಹುದು. ಐದು ದಿನಗಳ ನಂತರವೂ ಹಣ ಬಾರದಿದ್ದಲ್ಲಿ ಖಾತೆಯಿರುವ ಬ್ಯಾಂಕಿಗೆ ಲಿಖಿತ ದೂರು ನೀಡಿ ದೂರಿನ ಸಂಖ್ಯೆ ಪಡೆಯತಕ್ಕದ್ದು. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದಲ್ಲಿ ಅಥವಾ ಉತ್ತರವು ತೃಪ್ತಿಕರವಾಗಿರದಿದ್ದಲ್ಲಿ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ `cms.rbi.org.in` ಜಾಲತಾಣದ ಮೂಲಕ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಬ್ಯಾಂಕಿಗೆ ಮೊದಲು ದೂರು ನೀಡದೆ ನೇರವಾಗಿ ಸಲ್ಲಿಸಿದ ದೂರನ್ನು ಓಂಬುಡ್ಸ್‌ಮನ್ ಪರಿಗಣಿಸುವುದಿಲ್ಲ. ಈ ಕುರಿತ ಮಾಹಿತಿಗೆ ರಿಸರ್ವ್ ಬ್ಯಾಂಕಿನ 14448 ಸಂಖ್ಯೆಗೆ ಕರೆ ಮಾಡಬಹುದು.

ಮೂರನೆಯ ಸ್ಥಿತಿಯಲ್ಲಿ, ಎರಡು ದಿನಗಳ ಮರುಪರಿಶೀಲನೆಯ ನಂತರವೂ ಅರ್ಜಿ ಮುಂದುವರಿಯದಿದ್ದಲ್ಲಿ, ಸೇವಾ ಸಿಂಧು ಜಾಲತಾಣದಲ್ಲಿ ಪ್ರಕಟಿಸಿರುವ ಸಹಾಯವಾಣಿಗೆ ದೂರು ನೀಡತಕ್ಕದ್ದು. ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ರಾಜ್ಯ ಸರ್ಕಾರದ ಜನಸ್ಪಂದನ ವ್ಯವಸ್ಥೆಯಲ್ಲಿ, 1902 ಸಂಖ್ಯೆಗೆ ಕರೆ ಮಾಡಿ, ದೂರು ದಾಖಲಿಸಬಹುದು.

ದೂರಿನ ಮಾದರಿ:

"ನಾನು ದಿನಾಂಕ ______ ರಂದು ______ ಗಂಟೆಗೆ ______ ಸೇವೆಗಾಗಿ ಅರ್ಜಿ ಭರ್ತಿ ಮಾಡಿ, ರೂ. ______ ಶುಲ್ಕವನ್ನು ಯುಪಿಐ / ಕಾರ್ಡ್ / ನೆಟ್ ಬ್ಯಾಂಕಿಂಗ್ ಮೂಲಕ ಪಾವತಿಸಿರುತ್ತೇನೆ. ಅರ್ಜಿಯ ಕರಡು ಸಂಖ್ಯೆ: ______. ಬ್ಯಾಂಕ್ ವಹಿವಾಟು ಸಂಖ್ಯೆ: ______. ಖಾತೆಯಿಂದ ಹಣ ಕಡಿತವಾಗಿದ್ದು ಈವರೆಗೆ ಮರುಜಮೆಯಾಗಿರುವುದಿಲ್ಲ. ದಿನಾಂಕ ______ ಮತ್ತು ______ ರಂದು ಪಾವತಿಯ ಮರುಪರಿಶೀಲನೆ ಮಾಡಿದ್ದು, ಅರ್ಜಿಯು ಸಲ್ಲಿಕೆಯಾಗಿರುವುದಿಲ್ಲ. ಸದರಿ ಪಾವತಿಯನ್ನು ನನ್ನ ಅರ್ಜಿಗೆ ಜೋಡಿಸಿ ಸ್ವೀಕೃತಿ ನೀಡಬೇಕಾಗಿ / ಕಡಿತವಾದ ಹಣವನ್ನು ಮರುಜಮೆ ಮಾಡಬೇಕಾಗಿ ಕೋರುತ್ತೇನೆ. ಖಾತೆ ವಿವರದ ಪ್ರತಿ ಹಾಗೂ ಪರದೆಯ ಚಿತ್ರವನ್ನು ಲಗತ್ತಿಸಿದೆ."

ಕೊನೆಯ ಎರಡು ಕೋರಿಕೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳತಕ್ಕದ್ದು. ಇಲಾಖೆಗೆ ಬರೆಯುವಾಗ ಜೋಡಣೆಯನ್ನೂ, ಬ್ಯಾಂಕಿಗೆ ಬರೆಯುವಾಗ ಮರುಜಮೆಯನ್ನೂ ಕೋರಬೇಕು. ಎರಡನ್ನೂ ಏಕಕಾಲಕ್ಕೆ ಕೋರಿದಲ್ಲಿ 6ನೇ ಕಂಡಿಕೆಯಲ್ಲಿ ತಿಳಿಸಿದ ತೊಡಕು ಉಂಟಾಗುತ್ತದೆ. ಖಾತೆ ವಿವರದ ಪ್ರತಿಯಲ್ಲಿ ಸದರಿ ಪಾವತಿಯ ಸಾಲು ಮತ್ತು ನಂತರದ ದಿನಗಳ ಸಾಲುಗಳಿದ್ದರೆ ಸಾಕು. ಇತರ ವಹಿವಾಟುಗಳನ್ನು ಮರೆಮಾಡಬಹುದು.

11. ವಿಶೇಷ ಸೂಚನೆ

ಹಣ ಸಿಲುಕಿಕೊಂಡವರು ಅಂತರ್ಜಾಲದಲ್ಲಿ ಸಹಾಯವಾಣಿ ಸಂಖ್ಯೆಯನ್ನು ಹುಡುಕುವಾಗ ವಂಚಕರು ಹಾಕಿಟ್ಟಿರುವ ನಕಲಿ ಸಂಖ್ಯೆಗಳು ಎದುರಾಗುತ್ತವೆ. ಸಂಖ್ಯೆಯನ್ನು ಬ್ಯಾಂಕ್ ಕಾರ್ಡಿನ ಹಿಂಬದಿಯಿಂದ, ಪಾಸ್ ಪುಸ್ತಕದಿಂದ ಅಥವಾ ಸಂಬಂಧಪಟ್ಟ ಅಧಿಕೃತ ಜಾಲತಾಣದಿಂದ ಮಾತ್ರ ಪಡೆಯತಕ್ಕದ್ದು. ಹಣ ಮರಳಿ ಪಡೆಯಲು ಯುಪಿಐ ಪಿನ್ ನಮೂದಿಸುವ ಅಗತ್ಯ ಎಂದಿಗೂ ಇರುವುದಿಲ್ಲ. ಪಿನ್ ನಮೂದಿಸಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಮರುಪಾವತಿಗೆಂದು ಒಟಿಪಿ ಕೇಳುವವರು, ಮೊಬೈಲ್ ಪರದೆಯನ್ನು ಹಂಚಿಕೊಳ್ಳುವ ಆ್ಯಪ್ ಹಾಕಿಸುವವರು ಅಥವಾ "ಪರಿಶೀಲನೆಗೆ" ಒಂದು ರೂಪಾಯಿ ಕಳುಹಿಸಲು ಹೇಳುವವರು ಇಲಾಖೆಯವರೂ ಅಲ್ಲ, ಬ್ಯಾಂಕಿನವರೂ ಅಲ್ಲ. ಇಂತಹ ವಂಚನೆಗೆ ಒಳಗಾದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು ಅಥವಾ `cybercrime.gov.in` ಜಾಲತಾಣದಲ್ಲಿ ದೂರು ದಾಖಲಿಸತಕ್ಕದ್ದು.

ಅರ್ಜಿಯು ಸಲ್ಲಿಕೆಯಾಗಿದೆ ಎನ್ನಲು ಸ್ವೀಕೃತಿ ಪತ್ರವೊಂದೇ ಆಧಾರ. ಅದು ದೊರೆಯುವವರೆಗೆ ಪಾವತಿಯ ವಿವರಗಳನ್ನೂ, ಹಣ ಮರುಜಮೆಯಾಗಬೇಕಿದ್ದಲ್ಲಿ ಅದು ಖಾತೆಗೆ ಬರುವವರೆಗೆ ಎಸ್‌ಎಂಎಸ್‌ಗಳನ್ನೂ ಅಳಿಸದೆ ಇಟ್ಟುಕೊಳ್ಳತಕ್ಕದ್ದು.